ಒಂದೇ ಒಂದು 1 ಇದೆಯೇ?

ಒಂದು ಸಂಖ್ಯೆ ಎರಡರ ಘಾತವೇ ಎಂದು ತಿಳಿಯಲು ಎರಡರಿಂದ ಭಾಗಿಸುತ್ತಾ ಹೋಗಬಹುದು. ಕಂಪ್ಯೂಟರಿಗೆ ಅಷ್ಟು ತಾಪತ್ರಯ ಬೇಡ. ಅದರೊಳಗೆ ಸಂಖ್ಯೆಗಳಿರುವುದು 0, 1ಗಳ ಸಾಲಾಗಿ. ಎರಡರ ಘಾತವಾದರೆ ಸಾಲಿನಲ್ಲಿ ಒಂದೇ ಒಂದು 1.

8 ಎಂದರೆ 1000. ಒಂದು ಕಳೆದರೆ 7, ಅಂದರೆ 0111: ಇದ್ದ 1 ಅಳಿದು, ಬಲಗಡೆಯ ಸೊನ್ನೆಗಳೆಲ್ಲ 1 ಆದವು. ಇವೆರಡನ್ನೂ ಮೇಲೆ ಕೆಳಗೆ ಬರೆದು, ಎರಡರಲ್ಲೂ 1 ಇರುವ ಕಡೆ ಮಾತ್ರ 1 ಉಳಿಸಿ. ಸಿಗುವುದು 0000. ಅದೇ 12 ಆದರೆ 1100. 11 ಎಂದರೆ 1011. ಇಲ್ಲಿ 1000 ಉಳಿಯುತ್ತದೆ, ಏಕೆಂದರೆ ಎಡತುದಿಯ 1ನ್ನು ಕಳೆಯುವ ಲೆಕ್ಕ ಮುಟ್ಟಲೇ ಇಲ್ಲ. ಹಾಗಾಗಿ 12 ಎರಡರ ಘಾತವಲ್ಲ.

```
n > 0 && (n & (n - 1)) == 0
```

ಮೊದಲ ಷರತ್ತು ಬಿಟ್ಟರೆ ಸೊನ್ನೆಯೂ ಪಾಸಾಗಿಬಿಡುತ್ತದೆ. ಸಿ ಭಾಷೆಯಲ್ಲಿ ಹೊರ ಆವರಣವನ್ನೂ ಬಿಡಬೇಡಿ. ಬಿಟ್ಟರೆ `==` ಮೊದಲು ನಡೆದು ಉತ್ತರ ಕೆಡುತ್ತದೆ.