ಮೂರರಲ್ಲಿ ಯಾವುದನ್ನು ಬಿಡಲಿ, ಸರ್?

‘ಸರ್, ಐಡಿಯಾ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆಯಮ್ಮ’ ಎಂಬ ಉತ್ತರ ಬರುವುದು ಬಹುತೇಕ ಖಚಿತ. ಮನಸ್ಸು ನೋಯಿಸಲು ಯಾರಿಗೆ ಇಷ್ಟ?

ತುಮಕೂರಿನ ಯುವತಿಯೊಬ್ಬಳ ಮುಂದೆ ದೋಸೆಹಿಟ್ಟು, ಗಾಣದ ಎಣ್ಣೆ, ಟಿಫಿನ್ ಕ್ಯಾರಿಯರ್ ಊಟ ಎಂಬ ಮೂರು ದಾರಿಗಳಿವೆ ಎಂದಿಟ್ಟುಕೊಳ್ಳಿ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿಗೆ ವಾಟ್ಸಾಪ್‌ನಲ್ಲಿ ಅವಳು ಬರೆಯಬೇಕಾದ ಪ್ರಶ್ನೆ ಬೇರೆ: ‘ಇವುಗಳಲ್ಲಿ ಮೊದಲು ಯಾವುದನ್ನು ಕೈಬಿಡುತ್ತೀರಿ, ಏಕೆ?’ ತನಗೆ ಯಾವುದು ಇಷ್ಟ ಎಂಬುದನ್ನು ಮಾತ್ರ ಬಾಯಿ ಬಿಡಬಾರದು. ಬಿಟ್ಟರೆ ಅವರ ಉತ್ತರವೂ ಅತ್ತಲೇ ವಾಲುತ್ತದೆ.

ಜೊತೆಗೆ ಲೆಕ್ಕ ಬೇಕು. ‘ಗಾಣದ ಎಣ್ಣೆಗೆ ಒಳ್ಳೆ ಬೇಡಿಕೆಯಿದೆ’ ಎಂದರೆ ಪರೀಕ್ಷಿಸಲು ಅಲ್ಲೇನೂ ಇಲ್ಲ. ‘ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಶೇಂಗಾ ಬೀಜ ಬೇಕು. ಕಿಲೋಗೆ 130 ರೂಪಾಯಿ ಹಿಡಿದರೆ ಬೀಜಕ್ಕೇ 325 ರೂಪಾಯಿ’ ಎಂದು ಬರೆದರೆ ಹಿರಿಯರ ಕಣ್ಣು ತಪ್ಪಿನ ಮೇಲೆ ಬೀಳುತ್ತದೆ: ‘ಹಿಂಡಿ ಮಾರಿದ ದುಡ್ಡನ್ನು ಎಲ್ಲಿ ಸೇರಿಸಿದೆ? ಕಾರ್ಮಿಕರ ಕೂಲಿ, ಬಾಟಲಿ, ಕರೆಂಟು?’

ಹಿಟ್ಟಿನ ಲೆಕ್ಕದಲ್ಲಿ ಅವಳು ಮರೆತದ್ದು, ಬೇಸಿಗೆಯಲ್ಲಿ ಹುಳಿಬಂದು ಅಂಗಡಿಯಿಂದ ವಾಪಸಾಗುವ ಪ್ಯಾಕೆಟ್ಟುಗಳು. ಊಟದ್ದು ಒಂದೇ ಸಾಲು ಸಾಕು: ತಿಂಗಳ ಹಣ ಮುಂಗಡ ಕೊಡಲು ಎಷ್ಟು ಮನೆಯವರು ಒಪ್ಪಿದ್ದಾರೆ? ‘ತಗೋತೀವಿ’ ಎಂದವರನ್ನು ಇದರಲ್ಲಿ ಎಣಿಸುವಂತಿಲ್ಲ.