ಪಾರ್ಟ್ ಲೋಡ್ ಬಾಡಿಗೆ ಮತ್ತು ಪೆಟ್ಟಿಗೆಯ ಅಳತೆ

ಒಂದು ಲಾರಿ ತುಂಬುವಷ್ಟು ಇಲ್ಲದ ಮಾಲು ಬೇರೆಯವರ ಮಾಲಿನ ಜೊತೆ ಒಂದೇ ಗಾಡಿಯಲ್ಲಿ ಹೋಗುವುದಕ್ಕೆ ಪಾರ್ಟ್ ಲೋಡ್ ಎನ್ನುತ್ತಾರೆ. ಹೀಗೆ ಮಾಲು ಕಳಿಸಿದಾಗ ಟ್ರಾನ್ಸ್‌ಪೋರ್ಟ್ ಕಂಪನಿ ಕೊಡುವ ಎಲ್‌ಆರ್‌ನಲ್ಲಿ, ಅಂದರೆ ಲಾರಿ ರಸೀದಿಯಲ್ಲಿ, ಸಾಮಾನ್ಯವಾಗಿ ತೂಕಕ್ಕೆ ಎರಡು ಕಲಂ ಇರುತ್ತವೆ. ಮೊದಲನೆಯದು ತಕ್ಕಡಿ ತೋರಿಸಿದ ಆಕ್ಚುವಲ್ ವೇಟ್. ಎರಡನೆಯದು ಚಾರ್ಜ್ಡ್ ವೇಟ್. ಬಾಡಿಗೆ ಬೀಳುವುದು ಎರಡನೆಯದರ ಮೇಲೆ. ಹಗುರ ಮಾಲು ಕಳಿಸುವವರಿಗೆ ಮೊದಲ ಕಲಂನಲ್ಲಿ 180 ಕೆ.ಜಿ. ಇದ್ದು, ಎರಡನೆಯದರಲ್ಲಿ 360 ಕಂಡರೆ ಮೋಸವೆಂದೇ ಅನಿಸುತ್ತದೆ. ಹೆಚ್ಚಿನ ಸಲ ಅದು ಮೋಸವಲ್ಲ, ಸಾಂದ್ರತೆಯ ಲೆಕ್ಕ.

ಈ ಲೆಕ್ಕದ ಬೇರು ಲಾರಿಯ ಡಬ್ಬದಲ್ಲಿದೆ. 32 ಅಡಿ ಉದ್ದದ ಕಂಟೇನರ್ ಲಾರಿಯ ಅಗಲ, ಎತ್ತರ ಸುಮಾರು ಎಂಟೆಂಟು ಅಡಿ. ಒಳಗಿನ ಜಾಗ ಅಂದಾಜು 2,048 ಘನ ಅಡಿ. ಮಲ್ಟಿ ಆ್ಯಕ್ಸಲ್ ಗಾಡಿ ಹೊರುವ ಭಾರ ಸುಮಾರು 15 ಟನ್ ಎಂದಿಟ್ಟುಕೊಂಡರೆ, ಪ್ರತಿ ಘನ ಅಡಿಗೆ ಏಳು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಮಾಲು ಬಿದ್ದಾಗ ಜಾಗವೂ ತುಂಬುತ್ತದೆ, ಭಾರವೂ ತುಂಬುತ್ತದೆ. ಅದೇ ಗಾಡಿಗೆ ಥರ್ಮೋಕೋಲ್ ತುಂಬಿದರೆ ಎರಡು ಟನ್ ಆಗುವ ಮೊದಲೇ ಬಾಗಿಲು ಹಾಕಬೇಕಾಗುತ್ತದೆ. ಟೋಲ್, ಚಾಲಕನ ಸಂಬಳ, ಗಾಡಿಯ ಕಂತು ಒಂದಿಷ್ಟೂ ಇಳಿಯುವುದಿಲ್ಲ. ಡೀಸೆಲ್ ಸ್ವಲ್ಪ ಉಳಿಯಬಹುದು, ಅಷ್ಟೆ. ಆದ್ದರಿಂದ ಸಾಗಣೆದಾರರು ಒಂದು ಘನ ಅಡಿಗೆ ಇಷ್ಟು ಕೆ.ಜಿ. ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಸಿಎಫ್‌ಟಿ ಎನ್ನುತ್ತಾರೆ. ಒಪ್ಪಂದಕ್ಕೆ ತಕ್ಕಂತೆ ಇದು 6, 7, 8 ಅಥವಾ 10 ಇರುತ್ತದೆ. ಪೆಟ್ಟಿಗೆಯ ಘನ ಅಡಿಯನ್ನು ಈ ಸಂಖ್ಯೆಯಿಂದ ಗುಣಿಸಿದರೆ ಬರುವುದು ಗಾತ್ರದ ತೂಕ. ಅದು ಮತ್ತು ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ.

ಚನ್ನಪಟ್ಟಣದಿಂದ ದೆಹಲಿಗೆ ಹೋಗುವ ಮರದ ಆಟಿಕೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆಲೆ ಮರ ಹಗುರ. ದುಂಡಗೆ ಕಡೆದ ಬೊಂಬೆಗಳ ನಡುವೆ ಸಂದು ಬಹಳ, ಅರಗಿನ ಬಣ್ಣಕ್ಕೆ ಗೀರು ಬೀಳದಂತೆ ಸುತ್ತಿದ ಕಾಗದ ಬೇರೆ. 60×45×45 ಸೆಂ.ಮೀ. ಪೆಟ್ಟಿಗೆಯೊಂದು ಹೀಗೆ ತುಂಬಿ 18 ಕೆ.ಜಿ. ತೂಗುತ್ತದೆ ಎಂದುಕೊಂಡರೆ, ಅದರ ಗಾತ್ರ 1,21,500 ಘನ ಸೆಂ.ಮೀ. ಟ್ರಾನ್ಸ್‌ಪೋರ್ಟಿನವರು ಇದನ್ನು 27,000ದಿಂದ ಭಾಗಿಸಿ 4.5 ಘನ ಅಡಿ ಎನ್ನುತ್ತಾರೆ. ಸಿಎಫ್‌ಟಿ 8 ಆದರೆ ಗಾತ್ರದ ತೂಕ 36 ಕೆ.ಜಿ. ಹತ್ತು ಪೆಟ್ಟಿಗೆಗೆ 360 ಕೆ.ಜಿ. ಕೆ.ಜಿ.ಗೆ 12 ರೂಪಾಯಿ ದರವಿದ್ದರೆ ಮೂಲ ಬಾಡಿಗೆ 4,320 ರೂಪಾಯಿ. ಕಳಿಸಿದವರ ತಲೆಯಲ್ಲಿದ್ದ ಲೆಕ್ಕ 180 ಕೆ.ಜಿ.ಗೆ 2,160.

ಇಲ್ಲಿ ಭಾಜಕದ ಕಡೆ ಕಣ್ಣು ಹೋಗಬೇಕು. ಒಂದು ಘನ ಅಡಿ ಎಂದರೆ ನಿಜದಲ್ಲಿ 28,317 ಘನ ಸೆಂ.ಮೀ. ಅಡಿಗೆ 30 ಸೆಂ.ಮೀ. ಎಂದು ಹಿಡಿದಾಗ 27,000 ಬರುತ್ತದೆ. ಈ ಸುಲಭ ಲೆಕ್ಕದಿಂದಲೇ ಗಾತ್ರದ ತೂಕ ಸುಮಾರು ಶೇಕಡ 5ರಷ್ಟು ಏರುತ್ತದೆ. ಮೇಲಿನ ಹತ್ತು ಪೆಟ್ಟಿಗೆಗೆ ಅದು ಸುಮಾರು 17 ಕೆ.ಜಿ., ಅಂದರೆ 200 ರೂಪಾಯಿ. ಇಂಚಿನಲ್ಲಿ ಅಳೆದು 1,728ರಿಂದ ಭಾಗಿಸಿದರೆ ಈ ವ್ಯತ್ಯಾಸ ಬರುವುದಿಲ್ಲ. ದರ ಮಾತಾಡುವಾಗ ಕೆ.ಜಿ.ಗೆ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗುವವರು ಹೆಚ್ಚು. ಸಿಎಫ್‌ಟಿ 10 ಇರುವ ಕಡೆ 10 ರೂಪಾಯಿ ದರ, ಸಿಎಫ್‌ಟಿ 6 ಇರುವ ಕಡೆ 14 ರೂಪಾಯಿ ದರ ಸಿಕ್ಕರೆ, ಹಗುರ ಮಾಲಿಗೆ 14 ರೂಪಾಯಿಯದೇ ಅಗ್ಗ: ಒಂದು ಘನ ಅಡಿಗೆ ಮೊದಲನೆಯವರಲ್ಲಿ 100 ರೂಪಾಯಿ ಬಿದ್ದರೆ ಎರಡನೆಯವರಲ್ಲಿ 84.

ಆದರೂ ದೊಡ್ಡ ಉಳಿತಾಯ ಇರುವುದು ಪ್ಯಾಕಿಂಗ್ ಕೋಣೆಯಲ್ಲಿ. ಕಳಚಬಹುದಾದ ಚಕ್ರಗಳನ್ನು ಬಿಚ್ಚಿ, ಒಂದರೊಳಗೊಂದು ಕೂರುವಂತೆ ಜೋಡಿಸಿ, ಅದೇ ಆಟಿಕೆಗಳನ್ನು 50×40×40 ಸೆಂ.ಮೀ. ಪೆಟ್ಟಿಗೆಯಲ್ಲಿ ಹಿಡಿಸಿದರೆ ಗಾತ್ರ 80,000 ಘನ ಸೆಂ.ಮೀ.ಗೆ ಇಳಿಯುತ್ತದೆ. ಅದೇ 27,000, ಅದೇ 8ರ ಲೆಕ್ಕದಲ್ಲಿ ಹತ್ತು ಪೆಟ್ಟಿಗೆಗೆ 237 ಕೆ.ಜಿ., ಬಾಡಿಗೆ 2,844 ರೂಪಾಯಿ. ಒಂದು ಆಟಿಕೆಯೂ ಕಡಿಮೆಯಾಗದೆ 1,476 ರೂಪಾಯಿ ಉಳಿಯಿತು. ಡೀಸೆಲ್ ಸರ್‌ಚಾರ್ಜನ್ನು ಮೂಲ ಬಾಡಿಗೆಯ ಮೇಲೆ ಶೇಕಡಾವಾರು ಹಾಕುವ ಕಡೆ ಅದೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಸಿಎಫ್‌ಟಿಯನ್ನು 6ಕ್ಕೆ ಇಳಿಸಿಕೊಂಡರೆ ಪೆಟ್ಟಿಗೆಯೊಂದರ ಗಾತ್ರದ ತೂಕ 17.8 ಕೆ.ಜಿ. ಆಗಿ ತಕ್ಕಡಿಯ ತೂಕಕ್ಕೆ ಬಂದು ಮುಟ್ಟುತ್ತದೆ. ಅಲ್ಲಿಂದ ಮುಂದೆ ಪೆಟ್ಟಿಗೆ ಕುಗ್ಗಿಸಿ ಪ್ರಯೋಜನವಿಲ್ಲ.

ಇದರ ಎದುರು ಒಂದು ಅಪಾಯವಿದೆ. ಸಣ್ಣ ಪೆಟ್ಟಿಗೆಗೆ ಒತ್ತಿ ತುರುಕಿದರೆ ಬದಿಗಳು ಉಬ್ಬುತ್ತವೆ. ಟೇಪು ಹಿಡಿಯುವವರು ಅಳೆಯುವುದು ಕಾರ್ಟನ್ ಮೇಲೆ ಅಚ್ಚಾದ ಅಳತೆಯನ್ನಲ್ಲ, ಅತಿ ಉಬ್ಬಿದ ಜಾಗವನ್ನು. ಮೊದಲಿನ ದೊಡ್ಡ ಪೆಟ್ಟಿಗೆಯೇ ಮೂರೂ ಅಳತೆಯಲ್ಲಿ ಮೂರು ಸೆಂ.ಮೀ. ಉಬ್ಬಿದರೆ 63×48×48 ಆಗಿ, 36 ಕೆ.ಜಿ. ಇದ್ದದ್ದು 43 ಆಗುತ್ತದೆ. ಗೇಣಿನ ಕಾಲು ಭಾಗವೂ ಇಲ್ಲದ ಉಬ್ಬಿಗೆ ಶೇಕಡ 19 ಹೆಚ್ಚು ಬಾಡಿಗೆ. ಗಟ್ಟಿ ರಟ್ಟಿನ ಪೆಟ್ಟಿಗೆಗೆ ಕೊಟ್ಟ ಹಣ ಇಲ್ಲಿಯೇ ವಾಪಸಾಗುತ್ತದೆ. ಸುರುಳಿಯಾಗಿ ಸುತ್ತಿದ ಮಾಲನ್ನೂ ಚೌಕ ಪೆಟ್ಟಿಗೆಯಂತೆಯೇ ಅಳೆಯುವುದರಿಂದ ನಾಲ್ಕು ಮೂಲೆಯ ಖಾಲಿ ಜಾಗಕ್ಕೂ ದುಡ್ಡು ಹೋಗುತ್ತದೆ. ಪ್ಯಾಲೆಟ್ ಮೇಲೆ ಇಟ್ಟರೆ ಪ್ಯಾಲೆಟ್ಟಿನ ಎತ್ತರವೂ ಸೇರುತ್ತದೆ. ಹಾಗೆಂದು ಸುತ್ತುವ ಕಾಗದವನ್ನೇ ತೆಗೆಯುವುದು ಸರಿಯಲ್ಲ. ದಾರಿಯಲ್ಲಿ ಹತ್ತು ಬೊಂಬೆಗಳ ಬಣ್ಣ ಕಿತ್ತರೆ ಉಳಿದ ಬಾಡಿಗೆ ಅಲ್ಲಿಗೇ ಮುಗಿಯಿತು.

ಒಬ್ಬರೇ ಗಿರಾಕಿಗೆ ಹಗುರ ಮಾಲೂ ಭಾರದ ಮಾಲೂ ಹೋಗುವುದಿದ್ದರೆ ಎರಡನ್ನೂ ಒಂದೇ ಎಲ್‌ಆರ್‌ನಲ್ಲಿ ಹಾಕುವುದು ಲಾಭ. ಮೊದಲಿನ ಹತ್ತು ಪೆಟ್ಟಿಗೆಯ ಜೊತೆ 10 ಘನ ಅಡಿಯಲ್ಲಿ ಹಿಡಿಯುವ 200 ಕೆ.ಜಿ. ಲೋಹದ ಸಾಮಾನು ಇದೆ ಎಂದುಕೊಂಡರೆ, ಬೇರೆ ಬೇರೆ ಕಳಿಸಿದಾಗ ಬಾಡಿಗೆ 360 ಮತ್ತು 200, ಒಟ್ಟು 560 ಕೆ.ಜಿ.ಗೆ. ಒಟ್ಟಿಗೆ ಹಾಕಿದಾಗ ತಕ್ಕಡಿಯ ತೂಕ 380, ಗಾತ್ರದ ತೂಕ 440. ಬಾಡಿಗೆ 440ಕ್ಕೆ ಮಾತ್ರ. ಎಲ್‌ಆರ್ ಶುಲ್ಕವೂ ಒಂದೇ ಸಲ. ಸಾಗಣೆದಾರರು ಇಡೀ ಎಲ್‌ಆರ್‌ಗೆ ಒಟ್ಟು ಲೆಕ್ಕ ಹಿಡಿದರೆ ಮಾತ್ರ ಈ ಲಾಭ. ಪೆಟ್ಟಿಗೆಗೊಂದು ಲೆಕ್ಕ ಹಾಕುವವರಲ್ಲಿ ಸಿಗುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿದಿರಬೇಕು.

ಜಗಳ ಹುಟ್ಟುವುದು ಸಾಮಾನ್ಯವಾಗಿ ಬಿಲ್ಲು ಬಂದ ಮೇಲೆ. ಬುಕ್ಕಿಂಗ್ ಆಫೀಸಿನಲ್ಲಿ ಬರೆದ ಚಾರ್ಜ್ಡ್ ವೇಟ್ ದೊಡ್ಡ ಗೋಡೌನಿನಲ್ಲಿ ಮತ್ತೆ ಅಳೆದಾಗ ಬದಲಾಗುತ್ತದೆ. ಆ ಹೊತ್ತಿಗೆ ಮಾಲು ಗಿರಾಕಿಗೆ ತಲುಪಿ, ಪೆಟ್ಟಿಗೆ ರದ್ದಿಗೆ ಹೋಗಿರುತ್ತದೆ. ಕಳಿಸುವ ದಿನವೇ ಪ್ರತಿ ಅಳತೆಯ ಪೆಟ್ಟಿಗೆಯೊಂದಕ್ಕೆ ಟೇಪು ಹಿಡಿದು, ಅಂಕಿ ಕಾಣುವಂತೆ ಮೂರೂ ಬದಿಯ ಫೋಟೊ ತೆಗೆದು, ಉದ್ದ, ಅಗಲ, ಎತ್ತರ ಮತ್ತು ಪೆಟ್ಟಿಗೆಗಳ ಸಂಖ್ಯೆಯನ್ನು ಎಲ್‌ಆರ್ ಮೇಲೇ ಬರೆಸಿಕೊಂಡವರ ತಕರಾರಿಗೆ ಬೆಲೆ ಇರುತ್ತದೆ. ಸಿಎಫ್‌ಟಿ ಎಷ್ಟು, ಭಾಜಕ ಯಾವುದು, ಲೆಕ್ಕ ಪೆಟ್ಟಿಗೆಗೋ ಎಲ್‌ಆರ್‌ಗೋ ಎಂಬ ಮೂರು ಮಾತು ದರಪತ್ರದಲ್ಲಿ ಬರವಣಿಗೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಸಹಿ ಹಾಕಬಾರದು.