ಅರಗಿನ ಬೊಂಬೆಗೆ ಕಿಟಕಿಯ ಬೆಳಕು

ಚನ್ನಪಟ್ಟಣದ ಬೊಂಬೆಯ ಫೋಟೊ ತೆಗೆಯುವುದು ಮಣ್ಣಿನ ಕುಡಿಕೆಯದ್ದೋ ಕೈಮಗ್ಗದ ಬಟ್ಟೆಯದ್ದೋ ತೆಗೆದಷ್ಟು ಸುಲಭವಲ್ಲ. ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ, ಅದನ್ನು ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಕೊಳ್ಳುವವರ ಕಣ್ಣು ಸೆಳೆಯುವುದು ಆ ಹೊಳಪೇ, ಫೋಟೊ ಕೆಡಿಸುವುದೂ ಅದೇ. ಒರಟು ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚದುರಿಸಿಬಿಡುತ್ತದೆ. ನುಣುಪು ಮೈ ಹಾಗಲ್ಲ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಹಾಗಾಗಿ ಇಂಥ ವಸ್ತುವಿನ ಫೋಟೊದಲ್ಲಿ ಮುಖ್ಯ ಪ್ರಶ್ನೆ ಎಷ್ಟು ಬೆಳಕು ಬೀಳುತ್ತದೆ ಎಂಬುದಲ್ಲ, ಅದರ ಮೈಯಲ್ಲಿ ಏನು ಕಾಣುತ್ತದೆ ಎಂಬುದು.

ಮೂರು ಅಂಗುಲ ಎತ್ತರದ, ಕೆಂಪು ಹೊಟ್ಟೆ ಮತ್ತು ಹಳದಿ ಕತ್ತಿನ ಒಂದು ಗಿಲಕಿಯನ್ನೇ ತೆಗೆದುಕೊಳ್ಳಬಹುದು. ಫೋನಿನ ಫ್ಲ್ಯಾಷ್ ಹಾಕಿ ತೆಗೆದರೆ ಕೆಂಪು ಹೊಟ್ಟೆಯ ಮೇಲೆ ಸುಡುಬಿಳಿ ಚುಕ್ಕೆಯೊಂದು ಮೂಡಿ ಆ ಜಾಗದ ಬಣ್ಣವೇ ಹಾರಿಹೋಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ತೆಳ್ಳನೆಯ ಬಿಳಿ ಗೀರು ಕಾಣುತ್ತದೆ. ಎರಡರಲ್ಲೂ ದೋಷ ಒಂದೇ, ಬೆಳಕಿನ ಮೂಲ ಕಿರಿದು. ನಾಲ್ಕಡಿ ಅಗಲದ ಕಿಟಕಿಯ ಪಕ್ಕದಲ್ಲಿಟ್ಟಾಗ ಅದೇ ಹೊಟ್ಟೆಯ ಮೇಲೆ ಅಗಲವಾದ, ಅಂಚು ಮೃದುವಾದ ಬೆಳಕಿನ ಪಟ್ಟೆ ಬರುತ್ತದೆ. ಗಿಲಕಿ ದುಂಡಗಿದೆ ಎಂಬುದೂ, ಮೈ ನುಣುಪಾಗಿದೆ ಎಂಬುದೂ ನೋಡುವವರಿಗೆ ತಿಳಿಯುವುದು ಆ ಪಟ್ಟೆಯಿಂದಲೇ. ದುಂಡು ವಸ್ತುವಿನಲ್ಲಿ ಕಿಟಕಿ ಎಲ್ಲಾದರೊಂದು ಕಡೆ ಕಂಡೇ ಕಾಣುತ್ತದೆ; ಅದನ್ನು ಪೂರ್ತಿ ಅಳಿಸಲು ಹೊರಟವರು ಕೊನೆಗೆ ಪ್ಲಾಸ್ಟಿಕ್ಕಿನಂತೆ ಮಂಕಾದ ಚಿತ್ರ ತೆಗೆಯುತ್ತಾರೆ.

ತೊಡಕು ಬರುವುದು ಕಿಟಕಿಯ ಸರಳುಗಳಿಂದ. ನಮ್ಮ ಮನೆಗಳ ಕಿಟಕಿಗಳಿಗೆ ಕಬ್ಬಿಣದ ಸರಳು ಇದ್ದದ್ದೇ, ಅವು ಅರಗಿನ ಮೈಯಲ್ಲಿ ಕಪ್ಪು ಗೆರೆಗಳಾಗಿ ಮೂಡುತ್ತವೆ. ಫೋನಿನ ಪುಟ್ಟ ಪರದೆಯಲ್ಲಿ ಕಾಣದ ಈ ಗೆರೆಗಳು ಚಿತ್ರವನ್ನು ಹಿಗ್ಗಿಸಿದಾಗ ಬಣ್ಣ ಬಿರುಕು ಬಿಟ್ಟಂತೆ ಕಾಣುತ್ತವೆ. ಇದಕ್ಕೆ ಪರಿಹಾರ ಅಗ್ಗದ್ದು. ಸರಳುಗಳ ಒಳಬದಿಗೆ ಬಟರ್ ಪೇಪರನ್ನೋ ತೆಳುವಾದ ಬಿಳಿ ಪಂಚೆಯನ್ನೋ ಸುಕ್ಕಿಲ್ಲದಂತೆ ಬಿಗಿಯಾಗಿ ಕಟ್ಟಿದರೆ ಇಡೀ ಕಿಟಕಿಯೇ ಬೆಳಗುವ ಒಂದು ಬಿಳಿ ಹಾಳೆಯಾಗುತ್ತದೆ. ಅಚ್ಚ ಬಿಳಿಯದ್ದೇ ಬೇಕು. ಕೆನೆಬಣ್ಣದ ಪರದೆ ಬೆಳಕಿಗೂ ಹಳದಿ ಛಾಯೆ ಕೊಡುತ್ತದೆ.

ಉತ್ತರದ ಕಿಟಕಿಯಿಂದ ನೇರ ಬಿಸಿಲು ಬರುವುದಿಲ್ಲ ಎಂದು ಫೋಟೊಗ್ರಫಿಯ ಪುಸ್ತಕಗಳು ಹೇಳುವುದುಂಟು. ಅದು ಯುರೋಪಿನಂಥ ನಾಡುಗಳ ಲೆಕ್ಕ. ಚನ್ನಪಟ್ಟಣದ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯನೂ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಬೆಳಗ್ಗೆ ಸಂಜೆ ಬಿಸಿಲು ಉತ್ತರದ ಕಿಟಕಿಯಿಂದಲೂ ಓರೆಯಾಗಿ ಒಳಗೆ ಬರಬಹುದು. ದಿಕ್ಕಿಗಿಂತ ನೆಲವನ್ನು ನೋಡುವುದು ಮೇಲು. ಕಿಟಕಿಯ ಕೆಳಗೆ ಬಿಸಿಲಿನ ಚೌಕ ಬಿದ್ದಿದ್ದರೆ ಬಿಳಿ ಬಟ್ಟೆ ಬೇಕೇ ಬೇಕು.

ಬೊಂಬೆಯನ್ನು ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಇಡಬೇಕು. ತೀರ ಹತ್ತಿರವಿಟ್ಟರೆ ಕಿಟಕಿಯ ಕಡೆಯ ಮೈ ಬೆಳ್ಳಗಾಗಿ ಆಚೆ ಬದಿ ಕಪ್ಪಾಗುತ್ತದೆ. ಐದಾರು ಅಡಿ ಆಚೆ ಸರಿಸಿದರೆ ಬೆಳಕಿನ ಪಟ್ಟೆ ಸಣ್ಣದಾಗಿ ಗಡುಸಾಗುತ್ತದೆ. ಹಿನ್ನೆಲೆಗೆ ಒಂದು ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ಸಾಕು. ಅದರ ಮೇಲಂಚನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಬಾಗಿಸಿ ಮೇಜಿನ ಮೇಲೆ ಹಾಸಿದರೆ ಗೋಡೆ ಮೇಜು ಕೂಡುವ ಗೆರೆ ಕಾಣಿಸುವುದಿಲ್ಲ. ಕಿಟಕಿಯ ಎದುರು ಬದಿಗೆ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಅದು ಬೆಳಕನ್ನು ತಿರುಗಿಸಿ ನೆರಳಿಗೆ ಹಾಯಿಸುತ್ತದೆ. ಹಲಗೆಯನ್ನು ಹತ್ತಿರ ತಂದಷ್ಟೂ ನೆರಳು ತೆಳುವಾಗುತ್ತದೆ, ಆದರೆ ಪೂರ್ತಿ ಕಳೆದರೆ ಗಿಲಕಿ ಚಪ್ಪಟೆಯಾಗಿ ಕಾಣುತ್ತದೆ. ಹಳದಿ ಕತ್ತಿನ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗುವುದೂ ಉಂಟು. ಆಗ ಆ ಬದಿಗೆ, ಚೌಕಟ್ಟಿನ ಹೊರಗೆ, ಕಪ್ಪು ಕಾಗದದ ಸಣ್ಣ ತುಂಡೊಂದನ್ನು ನಿಲ್ಲಿಸಬೇಕು. ಅದರ ಪ್ರತಿಬಿಂಬ ಅಂಚಿನಲ್ಲಿ ಸಣ್ಣ ಕಪ್ಪು ರೇಖೆಯಾಗಿ ಬಿದ್ದು ಆಕಾರವನ್ನು ಬಿಡಿಸಿ ತೋರಿಸುತ್ತದೆ. ಫೋಟೊ ತೆಗೆಯುವವರ ಅಂಗಿಯೂ ಹೀಗೆಯೇ ಬೊಂಬೆಯ ಮೈಯಲ್ಲಿ ಬೀಳುವುದರಿಂದ ಗಾಢ ಬಣ್ಣದ ಉಡುಪು ಆ ಹೊತ್ತಿಗೆ ಬೇಡ.

ಕೋಣೆಯ ದೀಪಗಳನ್ನೆಲ್ಲ ಆರಿಸಬೇಕು. ಕಿಟಕಿಯ ಬೆಳಕು ನೀಲಿಗೆ ವಾಲಿದ್ದರೆ ಬಲ್ಬಿನದು ಹಳದಿ, ಎರಡೂ ಬೆರೆತ ಚಿತ್ರವನ್ನು ಆಮೇಲೆ ಯಾವ ಆ್ಯಪ್‌ನಲ್ಲೂ ಸರಿಯಾಗಿ ತಿದ್ದಲಾಗದು.

ಇನ್ನು ಫೋನು. ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸದೆ ತೆಗೆದ ಚಿತ್ರದಲ್ಲಿ ಬೆಳಕಿನ ಸುತ್ತ ಮಂಜು ಕವಿದಿರುತ್ತದೆ. ತೀರ ಹತ್ತಿರ ಹೋಗಿ ತೆಗೆದರೆ ಗಿಲಕಿಯ ಹೊಟ್ಟೆ ಉಬ್ಬಿ ಹಿಡಿ ಸಣ್ಣಗಾಗುತ್ತದೆ. ಎರಡಡಿ ಹಿಂದೆ ಸರಿದು 2x ಹಾಕಿದರೆ ಅಳತೆ ನೇರವಾಗುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡ, ಅದು ಸಣ್ಣ ಹಿಡಿಯ ಅಂಚನ್ನೇ ಕತ್ತರಿಸಿಬಿಡುತ್ತದೆ. ಫೋನನ್ನು ಪುಸ್ತಕಗಳ ಅಟ್ಟೆಗೆ ಒರಗಿಸಿ, ಮೂರು ಸೆಕೆಂಡಿನ ಟೈಮರ್ ಇಟ್ಟರೆ ಬಟನ್ ಒತ್ತುವಾಗಿನ ಅದುರು ಚಿತ್ರಕ್ಕೆ ತಾಗದು.

ಬಿಳಿ ಹಾಳೆ ಬೂದಾಗಿ ಬಂದರೆ ಫೋನು ಕೆಟ್ಟಿದೆ ಎಂದಲ್ಲ. ಎದುರಿಗಿರುವುದನ್ನು ಸರಾಸರಿ ಬೂದು ಎಂದು ಎಣಿಸಿಯೇ ಅದು ಬೆಳಕಿನ ಅಳತೆ ಕಟ್ಟುತ್ತದೆ, ಬಿಳಿ ಹೆಚ್ಚಿದ್ದಾಗ ಕತ್ತಲು ಮಾಡುತ್ತದೆ. ಪರದೆಯಲ್ಲಿ ಬೊಂಬೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ನಿಲ್ಲುತ್ತವೆ. ಐಫೋನಿನಲ್ಲಿ ಆಗ AE/AF LOCK ಎಂದು ಬರುತ್ತದೆ. ಪಕ್ಕದ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿ ಹಾಳೆ ಬೆಳ್ಳಗಾಗುವವರೆಗೆ ಬೆಳಕು ಹೆಚ್ಚಿಸಬೇಕು. ಮಿತಿ ಹಾಕುವುದು ಕೆಂಪು ಬಣ್ಣ: ಹೊಟ್ಟೆಯ ಮೇಲಿನ ಸೂಕ್ಷ್ಮ ಗೆರೆಗಳು ಮಾಯವಾಗಿ ಅದು ಒಂದೇ ಕೆಂಪು ಬಿಲ್ಲೆಯಂತೆ ಕಂಡರೆ ಬೆಳಕು ಮೀರಿದೆ ಎಂದರ್ಥ. ಆಗ ಬೆಳಕು ಇಳಿಸಿ, ಹಿನ್ನೆಲೆಯನ್ನು ಆಮೇಲೆ ಎಡಿಟಿಂಗ್‌ನಲ್ಲಿ ಬೆಳ್ಳಗೆ ಮಾಡಿಕೊಳ್ಳುವುದು ವಾಸಿ.

ಚೌಕಟ್ಟಿನ ತುಂಬ ಕೆಂಪೇ ಇದ್ದಾಗ ಫೋನು ಬಣ್ಣವನ್ನು ತನಗೆ ತೋಚಿದಂತೆ ತಿದ್ದಿ ಹಾಳೆಗೆ ಹಸಿರು ನೀಲಿ ಛಾಯೆ ಬಳಿಯುವುದುಂಟು. ಎಡಿಟಿಂಗ್‌ನಲ್ಲಿ ಹಾಳೆ ನಿಜವಾಗಿ ಬಿಳಿಯಾಗುವವರೆಗೆ ವೈಟ್ ಬ್ಯಾಲೆನ್ಸ್ ಸರಿಸಿ, ಬೊಂಬೆಯನ್ನು ಕಿಟಕಿಯ ಬಳಿಯೇ ಪರದೆಯ ಪಕ್ಕ ಹಿಡಿದು ಹೋಲಿಸಬೇಕು. ಬಣ್ಣದ ಗಾಢತೆ ಹೆಚ್ಚಿಸುವ ಫಿಲ್ಟರುಗಳು ಮಾರಾಟಕ್ಕೆ ಅಪಾಯಕಾರಿ, ಪರದೆಯಲ್ಲಿ ಕಂಡ ಕೆಂಪು ಕೈಗೆ ಬಾರದಿದ್ದರೆ ಮಾಲು ವಾಪಸು ಬರುತ್ತದೆ.

ಅಮೆಜಾನ್ ತನ್ನ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆಯನ್ನೂ ಚೌಕಟ್ಟಿನ ಶೇ. 85ರಷ್ಟನ್ನು ವಸ್ತುವೇ ತುಂಬಿರಬೇಕೆಂದೂ ಕೇಳುತ್ತದೆ. ಉಳಿದ ಚಿತ್ರಗಳಲ್ಲಿ ಒಂದು ಅಂಗೈಯಲ್ಲಿಟ್ಟ ಗಿಲಕಿಯದಾಗಿರಲಿ, ಗಾತ್ರ ತಿಳಿಯುತ್ತದೆ. ಇನ್ನೊಂದು ಕತ್ತಿನ ಬಳಿ ಬಣ್ಣಗಳು ಕೂಡುವ ಜಾಗದ್ದು. ಚಿತ್ರಗಳನ್ನು ಅಂಗಡಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತ ಹಾಗೆಯೇ ತಲುಪುತ್ತದೆ.